ನಾಲ್ಕು ವರ್ಷ ದುಡಿದು ಐದು ವರ್ಷ ಸಂಬಳ ತಗೊಳ್ಳೋದು ಹೇಗೆ?

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಗನೋ ಮಗಳೋ ಕೆನಡಾದಲ್ಲಿರುವ ಮನೆಗಳು ಬೇಕಾದಷ್ಟಿವೆ. 'ಒಂದು ವರ್ಷ ಬಂದು ಅಮ್ಮನ ಜೊತೆ ಇರಬೇಕು, ಆದ್ರೆ ಕೆಲಸ ಬಿಡೋಕಾಗಲ್ಲ' ಅನ್ನೋದು ಅಲ್ಲಿರುವ ಬಹಳ ಜನರ ಕೊರಗು. ಅವರಿಗೆ ಅಲ್ಲಿನ ತೆರಿಗೆ ನಿಯಮದಲ್ಲೇ ಒಂದು ದಾರಿ ಇದೆ, ಹೆಸರು ಡಿಫರ್ಡ್ ಸ್ಯಾಲರಿ ಲೀವ್ ಪ್ಲಾನ್. ಸಂಬಳದ ಒಂದು ಭಾಗವನ್ನು ಕೆಲವು ವರ್ಷ ಎತ್ತಿಡಿಸಿ, ಆ ದುಡ್ಡಲ್ಲೇ ಒಂದು ವರ್ಷ ರಜೆ ಮಾಡುವುದು. ಎಲ್ಲಾ ಕಡೆ ಇದು ಸಿಗಲ್ಲ. ಕೆಲಸ ಕೊಟ್ಟವರು ಈ ಪ್ಲಾನ್ ಇಟ್ಟಿರಬೇಕು. ಶಾಲೆ, ಯೂನಿವರ್ಸಿಟಿ, ಸರ್ಕಾರಿ ಕಚೇರಿಗಳಲ್ಲಿ ಕೇಳಿ ನೋಡಿ.

ಮೊದಲು ಲೆಕ್ಕ. ಒಂಟಾರಿಯೊದಲ್ಲಿ ಟೀಚರ್ ಆಗಿರುವ ಮೈಸೂರಿನ ಹುಡುಗಿ ಒಬ್ಬಳಿದ್ದಾಳೆ, ಸಂಬಳ ವರ್ಷಕ್ಕೆ 90,000 ಡಾಲರ್ ಅಂತ ಇಟ್ಟುಕೊಳ್ಳಿ. 'ಐದರಲ್ಲಿ ನಾಲ್ಕು' ಪ್ಲಾನ್ ಆರಿಸಿಕೊಂಡರೆ ಅವಳಿಗೆ ನಾಲ್ಕು ವರ್ಷ ಶೇ 80ರಷ್ಟು, ಅಂದರೆ 72,000 ಬರುತ್ತದೆ. ವರ್ಷಕ್ಕೆ ಉಳಿದ 18,000ದಂತೆ ನಾಲ್ಕು ವರ್ಷಕ್ಕೆ 72,000 ಆಯಿತಲ್ವಾ, ಐದನೇ ವರ್ಷ ಅವಳು ಅಮ್ಮನ ಜೊತೆ ಇರುವಾಗ ಬರುವ ಸಂಬಳ ಅದೇ. ಸಂಬಳ ಏರಿದರೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಇದೇ.

ಇಲ್ಲಿ ಜನ ಸುಮ್ನೆ ಹೆದರುವ ಒಂದು ವಿಷಯ ಇದೆ. ಸಂಬಳ ಶೇ 20 ಕಡಿಮೆಯಾದರೆ ಕೈಗೆ ಬರುವ ದುಡ್ಡಿನಲ್ಲಿ ಅಷ್ಟು ಡಾಲರ್ ಪೂರ್ತಿ ಹೋಗಲ್ಲ. ಎತ್ತಿಟ್ಟ ದುಡ್ಡಿಗೆ ಆ ವರ್ಷ ತೆರಿಗೆ ಇಲ್ಲ, ಕೈಗೆ ಬಂದ ವರ್ಷ ಕಟ್ಟಿದರಾಯಿತು. ಒಂಟಾರಿಯೊದಲ್ಲಿ ಆ ಮೇಲಿನ 18,000ಕ್ಕೆ ಕೆನಡಾ ಸರ್ಕಾರದ್ದು, ಪ್ರಾಂತ್ಯದ್ದು ಎರಡೂ ತೆರಿಗೆ ಸೇರಿ ಹೆಚ್ಚುಕಡಿಮೆ ಶೇ 30 ಹೋಗುತ್ತಿತ್ತು. ಹಾಗಾಗಿ ನಿಜವಾಗಿ ಕಮ್ಮಿಯಾಗುವುದು ವರ್ಷಕ್ಕೆ 12,600ರ ಆಸುಪಾಸು, ತಿಂಗಳಿಗೆ ಸಾವಿರ ಚಿಲ್ಲರೆ. ಆದರೆ ಎತ್ತಿಟ್ಟ ದುಡ್ಡಿನ ಬಡ್ಡಿಗೆ ಈ ರಿಯಾಯಿತಿ ಇಲ್ಲ. ಬಡ್ಡಿಯನ್ನು ವರ್ಷ ವರ್ಷ ನಿಮ್ಮ ಕೈಗೆ ಕೊಡಬೇಕು, ಅದಕ್ಕೆ ತೆರಿಗೆಯೂ ಆಗಲೇ. ಸಹಿ ಹಾಕುವ ಮುಂಚೆ ಮೂರು ತಿಂಗಳು ಆ ಸಾವಿರವನ್ನು ಬೇರೆ ಖಾತೆಗೆ ಹಾಕಿ ಬದುಕಿ ನೋಡಿ. ಮನೆ ಸಾಲದ ಕಂತು, ಊರಿಗೆ ಕಳಿಸುವುದು ಎಲ್ಲಾ ಸೇರಿ ಉಸಿರು ಕಟ್ಟಿದರೆ 'ಆರರಲ್ಲಿ ಐದು' ಕೇಳಿ.

ಆಮೇಲೆ ನಿಯಮಗಳು. ವರ್ಷಕ್ಕೆ ಸಂಬಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎತ್ತಿಡುವಂತಿಲ್ಲ. ಶುರುಮಾಡಿದ ಆರು ವರ್ಷದೊಳಗೆ ರಜೆ ಶುರುವಾಗಬೇಕು. ರಜೆ ಕನಿಷ್ಠ ಆರು ತಿಂಗಳು ಒಟ್ಟಿಗೆ ಇರಬೇಕು, ಪೂರ್ಣಾವಧಿ ಓದಿಗೆ ಹೋಗುವವರಿಗೆ ಮಾತ್ರ ಮೂರು ತಿಂಗಳು ಸಾಕು. ಎಲ್ಲಕ್ಕಿಂತ ದೊಡ್ಡದು, ಎಷ್ಟು ದಿನ ರಜೆಯೋ ಅಷ್ಟು ದಿನವಾದರೂ ವಾಪಸ್ ಬಂದು ಕೆಲಸ ಮಾಡಬೇಕು. ರಿಟೈರ್‌ಮೆಂಟ್‌ಗೆ ಮುಂಚಿನ ಕೊನೇ ವರ್ಷ ಹೀಗೆ ಕಳೆಯೋಣ ಅಂದುಕೊಂಡವರಿಗೆ ಇದು ಆಗಲ್ಲ.

ಕೆಡುವುದು ಸಾಮಾನ್ಯವಾಗಿ ಮಧ್ಯದಲ್ಲಿ ಕೆಲಸ ಬಿಟ್ಟಾಗ. ಮೂರನೇ ವರ್ಷದ ಕೊನೆಗೆ ಬಿಟ್ಟರೆ ಎತ್ತಿಟ್ಟ 54,000 ಒಟ್ಟಿಗೆ ಬರುತ್ತದೆ. ಅದು ಆ ವರ್ಷದ 72,000ಕ್ಕೆ ಸೇರಿದರೆ 1,26,000 ಆಗಿ ಮೇಲಿನ ತೆರಿಗೆ ಹಂತಕ್ಕೆ ಏರುತ್ತದೆ. ದುಡ್ಡು ಮುಳುಗಲ್ಲ, ಉಳಿಸಿದ ತೆರಿಗೆಯಲ್ಲಿ ಒಂದಷ್ಟು ವಾಪಸ್ ಹೋಗುತ್ತದೆ ಅಷ್ಟೇ. ರಜೆಯ ವರ್ಷದ ಪೆನ್ಷನ್ ಲೆಕ್ಕ ಏನು, ಆರೋಗ್ಯ ವಿಮೆಯ ಕಂತು ಯಾರು ಕಟ್ಟಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಬರಹದಲ್ಲೇ ತಗೊಳ್ಳಿ.

ಮೈಸೂರಿಗೆ ಬಂದು ಕೂರುವವರಿಗೆ ಇನ್ನೊಂದು ಮಾತು. ಏಪ್ರಿಲ್‌ನಿಂದ ಮಾರ್ಚ್ ಒಳಗೆ 182 ದಿನ ಇಲ್ಲಿದ್ದರೆ ಇಲ್ಲಿನ ತೆರಿಗೆ ಲೆಕ್ಕದಲ್ಲಿ ನೀವು ರೆಸಿಡೆಂಟ್, ಕೆನಡಾದ ಸಂಬಳಕ್ಕೂ ಇಲ್ಲಿ ತೆರಿಗೆ ಬೀಳುತ್ತದಾ ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ. ರಜೆಯ ಸಂಬಳವನ್ನು ಕೆನಡಾದ ಖಾತೆಗೇ ಹಾಕಿಸಿಕೊಳ್ಳಿ.

ಇಲ್ಲೇ ಮೈಸೂರಲ್ಲಿ ಕೆಲಸದಲ್ಲಿರುವವರು? ನಮ್ಮಲ್ಲಿ ಸಂಬಳಕ್ಕೆ ತೆರಿಗೆ ಬೀಳುವುದು ಅದು ಸಲ್ಲಬೇಕಾದಾಗ ಅಥವಾ ಕೈಗೆ ಬಂದಾಗ, ಯಾವುದು ಮೊದಲೋ ಆಗ. ದುಡಿದ ಸಂಬಳವನ್ನು 'ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ' ಅಂತ ಕಾಲೇಜಿಗೆ ಬಿಟ್ಟರೆ ತೆರಿಗೆ ಉಳಿಯಲ್ಲ, ದುಡ್ಡು ಮಾತ್ರ ಅವರ ಕೈಯಲ್ಲಿ. ಅದಕ್ಕಿಂತ ಸಂಬಳದ ದಿನವೇ ಐದನೇ ಒಂದು ಭಾಗ ಆರ್‌ಡಿಗೆ ಹೋಗುವಂತೆ ಮಾಡಿ, ಐದನೇ ವರ್ಷ ಸಂಬಳವಿಲ್ಲದ ರಜೆ ಕೇಳುವುದು ವಾಸಿ. ಆ ವರ್ಷ ಸಂಬಳ ಇಲ್ಲದ್ದರಿಂದ ಪಿಎಫ್‌ಗೂ ದುಡ್ಡು ಹೋಗಲ್ಲ. ಸರ್ವಿಸ್, ಇನ್‌ಕ್ರಿಮೆಂಟ್ ಏನಾಗುತ್ತದೆ ಅನ್ನುವುದನ್ನು ರಜೆ ಮಂಜೂರಾದ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೂಂ ಅಂದ ಪ್ರಿನ್ಸಿಪಾಲರು ನೀವು ವಾಪಸ್ ಬರುವ ಹೊತ್ತಿಗೆ ರಿಟೈರ್ ಆಗಿರಬಹುದು.