ಕೊಟ್ಟಿಗೆಹಾರ ದಾಟಿದ ಮೇಲೂ ದಾರಿ ತೋರಲು: ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳುವುದು ಹೀಗೆ

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ಮಾರ್ಗವಾಗಿ ಕಳಸ, ಕುದುರೆಮುಖಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಮೂಡಿಗೆರೆವರೆಗೆ ಚಿಂತೆಯಿಲ್ಲ. ಕೊಟ್ಟಿಗೆಹಾರ ದಾಟಿ ತೋಟ, ಕಾಡಿನ ರಸ್ತೆ ಹಿಡಿದ ಮೇಲೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಕುದುರೆಮುಖದಿಂದ ಕಾರ್ಕಳದ ಕಡೆ ಘಾಟಿ ಇಳಿಯುವಾಗ ಎಷ್ಟೋ ಹೊತ್ತು ಅದರ ಸುಳಿವೇ ಇರುವುದಿಲ್ಲ. ಆಗ ಮ್ಯಾಪ್ ತೆರೆದರೆ ಬೂದು ಬಣ್ಣದ ಖಾಲಿ ಚೌಕಗಳ ನಡುವೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ.

ಆ ಚುಕ್ಕೆ ಕಾಣುವುದರಲ್ಲೇ ವಿಷಯವಿದೆ. ನೀವು ಎಲ್ಲಿದ್ದೀರಿ ಎಂಬುದನ್ನು ಫೋನಿನ ಜಿಪಿಎಸ್ ನೇರವಾಗಿ ಉಪಗ್ರಹಗಳಿಂದ ತಿಳಿಯುತ್ತದೆ, ಅದಕ್ಕೆ ಸಿಮ್ ಕೂಡ ಬೇಕಿಲ್ಲ. ಇಂಟರ್‌ನೆಟ್ ಬೇಕಾಗುವುದು ಚುಕ್ಕೆಯ ಸುತ್ತ ರಸ್ತೆ, ಊರುಗಳನ್ನು ಬಿಡಿಸಲು. ಅವನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದೆಯೂ ದಾರಿ ಕೇಳಬಹುದು.

ಚೌಕ ಎಲ್ಲಿಂದ ಎಲ್ಲಿಗೆ

ಮನೆಯ ವೈಫೈನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಬಲಗಡೆ ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ. Offline maps, ನಂತರ Select your own map ಆರಿಸಿ. ಪರದೆಯ ಮೇಲೊಂದು ಚೌಕ ಬರುತ್ತದೆ. ಮ್ಯಾಪನ್ನು ಸರಿಸಿ, ಹಿಗ್ಗಿಸಿ ಕುಗ್ಗಿಸಿ, ಬೇಕಾದ ಪ್ರದೇಶ ಚೌಕದೊಳಗೆ ಬರುವಂತೆ ಮಾಡಿ. ಎಷ್ಟು ಎಂಬಿ ಜಾಗ ಬೇಕು ಎಂಬುದೂ ಅಲ್ಲೇ ಕಾಣುತ್ತದೆ. Download ಒತ್ತಿ. ಪ್ರದೇಶ ಮಿತಿಗಿಂತ ದೊಡ್ಡದಾದರೆ ಇಳಿಸಲು ಬಿಡುವುದಿಲ್ಲ, ಆಗ ಎರಡು ಚೌಕ ಮಾಡಿಕೊಳ್ಳಿ.

ಬಹುತೇಕರು ಎಡವುವುದು ಚೌಕ ಹಾಕುವಾಗ. 'ಕಳಸ' ಎಂದು ಹುಡುಕಿ, ಅದರ ಸುತ್ತಲಿನ ಜಾಗವನ್ನಷ್ಟೇ ಇಳಿಸಿಕೊಂಡು ಸುಮ್ಮನಾಗುತ್ತಾರೆ. ನೆಟ್‌ವರ್ಕ್ ಇಲ್ಲದಾಗ ಫೋನ್ ತಾನೇ ದಾರಿ ಲೆಕ್ಕ ಹಾಕಬೇಕು. ನೀವು ನಿಂತಿರುವ ಜಾಗ, ಸೇರಬೇಕಾದ ಜಾಗ, ನಡುವಿನ ರಸ್ತೆ ಮೂರೂ ಇಳಿಸಿದ ಮ್ಯಾಪಿನೊಳಗೆ ಇರಬೇಕು. ಒಂದು ತುಂಡು ಹೊರಗುಳಿದರೂ ದಾರಿ ಸಿಗದೆ ಹೋಗಬಹುದು. ಎರಡು ಚೌಕ ಹಾಕಿದರೆ ಒಂದರ ಅಂಚು ಇನ್ನೊಂದರ ಮೇಲೆ ಧಾರಾಳವಾಗಿ ಹತ್ತಿ ಕೂರಲಿ.

ಹೋಗುವ ರಸ್ತೆಯಷ್ಟೇ ಸಾಲದು, ಬದಲಿ ರಸ್ತೆಯೂ ಚೌಕದೊಳಗೆ ಬರಲಿ. ಈ ಪ್ರಯಾಣಕ್ಕೆ ಪೂರ್ವದಲ್ಲಿ ಹಾಸನ, ಪಶ್ಚಿಮದಲ್ಲಿ ಕಾರ್ಕಳ, ದಕ್ಷಿಣದಲ್ಲಿ ಚಾರ್ಮಾಡಿ ಘಾಟಿ ಮತ್ತು ಉಜಿರೆ, ಉತ್ತರದಲ್ಲಿ ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ ಸೇರಿರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆ ಬಂದ್ ಆಗುವುದು ಇಲ್ಲಿ ಹೊಸದಲ್ಲ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಮುಚ್ಚಿದ್ದು ಹಲವರಿಗೆ ನೆನಪಿರಬಹುದು. ಕಳಸದಿಂದ ಹಿಂದಿರುಗಿ ಬಾಳೆಹೊನ್ನೂರಿನ ಕಡೆ ಹೋಗಬೇಕಾಗಿ ಬಂದರೆ ಆ ರಸ್ತೆ ಫೋನಿನಲ್ಲಿ ಇರಬೇಕಲ್ಲ. ಅಂದಹಾಗೆ, ರಸ್ತೆ ಬಂದ್ ಆಗಿದೆ ಎಂದು ಆಫ್‌ಲೈನ್ ಮ್ಯಾಪ್ ಹೇಳುವುದಿಲ್ಲ. ವಾಹನ ದಟ್ಟಣೆಯನ್ನೂ ತೋರಿಸುವುದಿಲ್ಲ. ಅದನ್ನು ಮೂಡಿಗೆರೆಯಲ್ಲಿ ಚಹಾ ಕುಡಿಯುವಾಗ ಅಂಗಡಿಯವರನ್ನು ಕೇಳುವುದೇ ಒಳ್ಳೆಯದು.

ಉಳಿಯುವ ಹೋಂಸ್ಟೇ, ಪೆಟ್ರೋಲ್ ಬಂಕ್, ಆಸ್ಪತ್ರೆಗಳನ್ನು ಮೊದಲೇ ಹುಡುಕಿ Save ಮಾಡಿಡಿ. ಹೋಂಸ್ಟೇಗಳ ವಿಷಯದಲ್ಲಿ ಇದು ಮುಖ್ಯ. ಅನೇಕವು ತೋಟದೊಳಗಿನ ಮಣ್ಣುರಸ್ತೆಯ ಕೊನೆಯಲ್ಲಿರುತ್ತವೆ, ಮ್ಯಾಪಿನಲ್ಲಿ ಅವುಗಳ ಹೆಸರೇ ಇರುವುದಿಲ್ಲ. ಮಾಲೀಕರಿಂದ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಂಡು, ಅದನ್ನು ಮ್ಯಾಪಿನಲ್ಲಿ ತೆರೆದು, ಉಳಿಸಿಡುವುದಿಷ್ಟನ್ನೂ ನೆಟ್‌ವರ್ಕ್ ಇರುವಾಗಲೇ ಮುಗಿಸಿ.

ಹೊರಡುವ ಮುಂಚೆ ಒಂದು ಪರೀಕ್ಷೆ

ಡೌನ್‌ಲೋಡ್ ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ನಂಬಬೇಡಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಆಗಿದೆಯೇ ನೋಡಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಕಳಸದಿಂದ ಸಂಸೆವರೆಗಿನ ರಸ್ತೆಯನ್ನು ಬೆರಳಿನಿಂದ ಹಿಗ್ಗಿಸಿ. ಸಣ್ಣ ಅಡ್ಡರಸ್ತೆಗಳೂ ಹೆಸರುಗಳೂ ಸ್ಪಷ್ಟವಾಗಿದ್ದರೆ ಮ್ಯಾಪ್ ಇಳಿದಿದೆ. ಹಿಗ್ಗಿಸಿದಂತೆಲ್ಲ ಮಸುಕಾದರೆ ನೀವು ನೋಡುತ್ತಿರುವುದು ಹಿಂದೊಮ್ಮೆ ತೆರೆದಾಗ ಉಳಿದ ಚೂರುಗಳನ್ನು. ನಂತರ ಮೂಡಿಗೆರೆಯಿಂದ ಕಾರ್ಕಳಕ್ಕೆ ಕಾರಿನ ದಾರಿ ಕೇಳಿ. ಅದು ಬಂದರೆ ಚೌಕ ಸರಿಯಾಗಿದೆ.

ಇಳಿಸಿದ ಮ್ಯಾಪಿಗೆ ಅವಧಿಯೂ ಇದೆ. ಕಳೆದ ವರ್ಷದ ಪ್ರವಾಸಕ್ಕೆ ಇಳಿಸಿದ್ದು ಈಗಲೂ ಇದೆ ಎಂದು ಹೊರಡಬೇಡಿ. ಅದೇ ಪಟ್ಟಿಯಲ್ಲಿ ಮುಗಿಯುವ ದಿನಾಂಕ ನೋಡಿ Update ಒತ್ತಿ.

ಚುಕ್ಕೆ ತಪ್ಪು ಜಾಗದಲ್ಲಿದ್ದರೆ

ಮ್ಯಾಪ್ ಸರಿಯಿದ್ದೂ ಚುಕ್ಕೆ ದಾರಿ ತಪ್ಪಿಸಬಹುದು. ಉಪಗ್ರಹಗಳು ಯಾವ ಹೊತ್ತಿಗೆ ಎಲ್ಲಿರುತ್ತವೆ ಎಂಬ ಲೆಕ್ಕ ಫೋನಿಗೆ ಗೊತ್ತಿರಬೇಕು. ನೆಟ್‌ವರ್ಕ್ ಇದ್ದರೆ ಅದು ಇಂಟರ್‌ನೆಟ್ ಮೂಲಕ ಕ್ಷಣದಲ್ಲಿ ಬರುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಜಿಪಿಎಸ್ ಉಪಗ್ರಹ ಈ ಮಾಹಿತಿಯನ್ನು ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಮರುಕಳಿಸುತ್ತ. ಬಯಲಿನಲ್ಲಿ ಅರ್ಧ ನಿಮಿಷ ಕಾದರೆ ಸಿಗಬಹುದಾದದ್ದು, ಒದ್ದೆ ಎಲೆಗಳ ದಟ್ಟ ಕಾಡಿನಲ್ಲಿ ನಡುನಡುವೆ ತುಂಡಾಗಿ, ಪ್ರತಿ ಸಲ ಮುಂದಿನ ಸುತ್ತಿಗೆ ಕಾಯಬೇಕಾಗುತ್ತದೆ. ಈ ಲೆಕ್ಕ ಕೆಲವು ಗಂಟೆಗಳವರೆಗೆ ಮಾತ್ರ ನಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ನೋಡಿದ್ದು ಸಾಲದು. ಮೂಡಿಗೆರೆಯಲ್ಲಿ ಆಕಾಶ ಕಾಣುವ ಕಡೆ ಕಾರು ನಿಲ್ಲಿಸಿ, ಮ್ಯಾಪ್ ತೆರೆದು, ನೀಲಿ ಚುಕ್ಕೆ ನೆಲೆಯಾದ ಮೇಲೆ ನ್ಯಾವಿಗೇಶನ್ ಶುರು ಮಾಡಿ. ಫೋನ್ ವಿಂಡ್‌ಶೀಲ್ಡ್ ಪಕ್ಕದಲ್ಲಿರಲಿ, ಗೇರ್ ಬದಿಯ ಗೂಡಿನಲ್ಲಿ ಬೇಡ.

ಚುಕ್ಕೆ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ತೋರಿಸುತ್ತಿರುವುದು ನೀವು ಈ ಮುಂಚೆ ಇದ್ದ ಜಾಗ. ನೀಲಿ ಚುಕ್ಕೆಯ ಸುತ್ತ ದೊಡ್ಡ ತಿಳಿನೀಲಿ ವೃತ್ತವಿದ್ದರೆ, ಆ ವೃತ್ತದೊಳಗೆ ನೀವು ಎಲ್ಲಿ ಬೇಕಾದರೂ ಇರಬಹುದು. ಇವೆರಡರಲ್ಲಿ ಯಾವುದು ಕಂಡರೂ ಕವಲುದಾರಿಯಲ್ಲಿ ತಿರುಗಬೇಡಿ. ಫೋನಿನ ಸೆಟ್ಟಿಂಗ್ಸ್ ಒಮ್ಮೆ ನೋಡಿ: ಐಫೋನ್‌ನಲ್ಲಿ ಮ್ಯಾಪ್ ಆ್ಯಪಿಗೆ Precise Location ಆನ್ ಆಗಿರಬೇಕು, ಆ್ಯಂಡ್ರಾಯ್ಡ್‌ನಲ್ಲಿ ಬ್ಯಾಟರಿ ಸೇವರ್ ಆಫ್ ಆಗಿರಬೇಕು. ಬ್ಯಾಟರಿ ಸೇವರ್ ಕೆಲವು ಫೋನ್‌ಗಳಲ್ಲಿ ಪರದೆ ಆರಿದೊಡನೆ ಲೊಕೇಶನ್ ನಿಲ್ಲಿಸಿಬಿಡುತ್ತದೆ.

ಚುಕ್ಕೆ ಸರಿಯಿದ್ದು, ದಿಕ್ಕು ಮಾತ್ರ ತಪ್ಪಿರುವುದೂ ಉಂಟು. ಕೊಟ್ಟಿಗೆಹಾರದಲ್ಲಿ ಒಂದು ರಸ್ತೆ ಚಾರ್ಮಾಡಿಗೆ, ಇನ್ನೊಂದು ಕಳಸದ ಕಡೆಗೆ. ಅಲ್ಲಿ ನಿಂತು ಫೋನ್ ನೋಡಿದರೆ ಬಾಣ ಗಿರಗಿರ ತಿರುಗಬಹುದು. ನಿಂತಾಗ ದಿಕ್ಕು ಹೇಳುವುದು ಫೋನಿನ ದಿಕ್ಸೂಚಿ, ಆಯಸ್ಕಾಂತದ ಹೋಲ್ಡರ್ ಅದನ್ನು ಸುಲಭವಾಗಿ ಕೆಡಿಸುತ್ತದೆ. ಫೋನನ್ನು ಹೋಲ್ಡರಿನಿಂದ ತೆಗೆದು ಗಾಳಿಯಲ್ಲಿ ಇಂಗ್ಲಿಷಿನ 8 ಅಂಕಿ ಬರೆದಂತೆ ಕೆಲವು ಬಾರಿ ಆಡಿಸಿ. ಇಲ್ಲವೇ ಐವತ್ತು ಮೀಟರ್ ಮುಂದೆ ಹೋಗಿ ನೋಡಿ. ಕಾರು ಚಲಿಸುವಾಗ ಬಾಣ ಜಿಪಿಎಸ್ ಹೇಳಿದ ದಿಕ್ಕನ್ನು ಹಿಡಿಯುತ್ತದೆ, ಚುಕ್ಕೆ ಯಾವ ರಸ್ತೆಯ ಮೇಲೆ ಸರಿಯುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಇಷ್ಟೆಲ್ಲ ಕಾರಿನ ಮಾತು. ಗೂಗಲ್‌ನ ಆಫ್‌ಲೈನ್ ಮ್ಯಾಪ್ ನಡಿಗೆಯ ದಾರಿ ಹೇಳಿಕೊಡುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖ ಶಿಖರಕ್ಕೆ ಚಾರಣ ಹೋಗುವವರು ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಆ್ಯಪನ್ನೂ ಹಾಕಿಕೊಂಡು, ಅದರಲ್ಲಿ ಕರ್ನಾಟಕದ ಮ್ಯಾಪನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಈ ಆ್ಯಪ್‌ಗಳು ಕಾಲುದಾರಿಗಳನ್ನೂ ತೋರಿಸುತ್ತವೆ. ಆದರೆ ಅವು ಸ್ವಯಂಸೇವಕರು ಗುರುತಿಸಿದ ದಾರಿಗಳು, ಯಾರೂ ಗುರುತಿಸದ ಕವಲು ಅಲ್ಲಿ ಇರುವುದಿಲ್ಲ. ಗೈಡ್ ಒಂದು ಕಡೆ, ಫೋನ್ ಇನ್ನೊಂದು ಕಡೆ ತೋರಿಸಿದರೆ ಗೈಡ್ ಹಿಂದೆಯೇ ನಡೆಯಿರಿ.