ಎರಡು ಕೋಣೆಯ ವೈರಿಂಗ್ ಅಂದಾಜು: ನಕ್ಷೆಯ 2 ಮೀಟರ್ ಗೋಡೆಯಲ್ಲಿ 13 ಆಗುವ ಬಗೆ

ವೈರಿಂಗ್ ಅಂದಾಜು ತಪ್ಪಿದಾಗ ಮೊದಲು ಮುಗಿಯುವುದು ವೈರು. ಅರ್ಧ ಕೆಲಸವಾದ ಮೇಲೆ ಮತ್ತೊಂದು ಕಾಯಿಲ್ ಬೇಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ, ಮನೆಯವರು ಅವನನ್ನು ಸಂಶಯದಿಂದ ನೋಡುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಂದರ್ಭಗಳಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ನಕ್ಷೆಯ ಮೇಲೆ ಅಳೆದ ದೂರವನ್ನೇ ವೈರಿನ ಉದ್ದವೆಂದು ಬರೆದುಕೊಂಡಿರುತ್ತಾರೆ, ಅಷ್ಟೆ.

ಮೊದಲ ಹಂತ: ಪಾಯಿಂಟುಗಳನ್ನು ಪಟ್ಟಿ ಮಾಡಿ. ಉದಾಹರಣೆಗೆ, 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಎರಡು ಕೋಣೆಗಳನ್ನು ತೆಗೆದುಕೊಳ್ಳೋಣ. ಮೀಟರಿನಲ್ಲಿ ಇದು ಸುಮಾರು 3.6, 3 ಮತ್ತು 3. ಪ್ರತಿ ಕೋಣೆಗೆ ಎರಡು ದೀಪ, ಒಂದು ಫ್ಯಾನು, ಸ್ವಿಚ್‌ಬೋರ್ಡಿನಲ್ಲಿಯೇ ಒಂದು 6 ಆಂಪಿಯರ್ ಸಾಕೆಟ್. ಹೊರಬಾಗಿಲಿನ ಮೇಲೆ ಒಂದು ದೀಪ. ಒಳಕೋಣೆಯಲ್ಲಿ ಒಂದು 16 ಆಂಪಿಯರ್ ಪವರ್ ಪಾಯಿಂಟ್. ಒಟ್ಟು ಐದು ದೀಪ, ಎರಡು ಫ್ಯಾನು, ಎರಡು ಸಾಕೆಟ್, ಒಂದು ಪವರ್ ಪಾಯಿಂಟ್.

ಎರಡನೆಯ ಹಂತ: ವೈರಿನ ಉದ್ದ. ಇಲ್ಲಿ ಅವಸರ ಬೇಡ.

ಹೊರಬಾಗಿಲಿರುವ ಮುಂದಿನ ಕೋಣೆಯ ಫ್ಯಾನನ್ನು ನೋಡಿ. ಸ್ವಿಚ್‌ಬೋರ್ಡ್ ಉದ್ದ ಗೋಡೆಯಲ್ಲಿ, ಮೂಲೆಯಿಂದ 0.6 ಮೀಟರ್ ಈಚೆಗಿದೆ. ಅಲ್ಲಿಂದ ಕೋಣೆಯ ನಡುಮಧ್ಯಕ್ಕೆ ನಕ್ಷೆಯಲ್ಲಿ ಸ್ಕೇಲಿಟ್ಟರೆ ಸುಮಾರು 2 ಮೀಟರ್ ಬರುತ್ತದೆ. ಆದರೆ ಬೋರ್ಡ್ ಇರುವುದು ನೆಲದಿಂದ 1.2 ಮೀಟರ್ ಎತ್ತರದಲ್ಲಿ, ಛಾವಣಿ ಇರುವುದು 3 ಮೀಟರಿನಲ್ಲಿ. ಆದ್ದರಿಂದ ವೈರು ಮೊದಲು 1.8 ಮೀಟರ್ ಮೇಲೇರಬೇಕು, ಆಮೇಲೆ ಛಾವಣಿಯಲ್ಲಿ 2 ಮೀಟರ್ ಸಾಗಬೇಕು. ಎರಡೂ ತುದಿಗಳಲ್ಲಿ ಜೋಡಣೆಗೆಂದು ಒಟ್ಟು ಅರ್ಧ ಮೀಟರ್ ಬಿಡಬೇಕು. ಅಲ್ಲಿಗೆ ದಾರಿ 4.3 ಮೀಟರ್ ಆಯಿತು. ಈ ದಾರಿಯಲ್ಲಿ ಹೋಗುವುದು ಒಂದು ವೈರಲ್ಲ. ಸ್ವಿಚ್ಚಿನಿಂದ ಬರುವ ಫೇಸ್, ನ್ಯೂಟ್ರಲ್ ಮತ್ತು ಅರ್ಥ್ ಎಂಬ ಮೂರು. ಮೂರರಿಂದ ಗುಣಿಸಿದರೆ 12.9 ಮೀಟರ್. ನಕ್ಷೆಯ 2 ಮೀಟರ್ ಹೀಗೆ 13 ಆಗುತ್ತದೆ.

ಗೋಡೆಯ ದೀಪಗಳಿಗೆ ಇನ್ನೊಂದು ಇಳಿತ ಸೇರುತ್ತದೆ. ಎದುರು ಗೋಡೆಯ ನಡುವೆ 2.4 ಮೀಟರ್ ಎತ್ತರದಲ್ಲಿ ದೀಪವಿದ್ದರೆ, 1.8 ಮೇಲೇರಿ, 3.2 ಅಡ್ಡ ಸಾಗಿ, 0.6 ಕೆಳಗಿಳಿಯಬೇಕು, ತುದಿಗಳ ಅರ್ಧ ಮೀಟರ್ ಸೇರಿ 6.1. ಬೋರ್ಡಿನಿಂದ ದೂರವಿರುವ ಪಕ್ಕದ ಗೋಡೆಯ ನಡುವಿನ ದೀಪಕ್ಕೆ ಇದೇ ಲೆಕ್ಕದಲ್ಲಿ 6.3, ಬಾಗಿಲಿನಾಚೆಯ ದೀಪಕ್ಕೆ ಗೋಡೆ ದಾಟುವುದೂ ಸೇರಿ 2.8 ಬರುತ್ತದೆ. ಮುಂದಿನ ಕೋಣೆಯ ದಾರಿ ಒಟ್ಟು 19.5 ಮೀಟರ್; ಹೊರದೀಪವಿಲ್ಲದ ಒಳಕೋಣೆಗೆ 16.7. ಕೂಡಿದರೆ 36.2, ಹತ್ತು ಶೇಕಡಾ ವ್ಯರ್ಥಕ್ಕೆಂದು ಸೇರಿಸಿದರೆ ಸರಿಸುಮಾರು 40 ಮೀಟರ್. ಸಾಕೆಟ್‌ಗಳು ಬೋರ್ಡಿನೊಳಗೇ ಇರುವುದರಿಂದ ಅವುಗಳಿಗೆ ಪ್ರತ್ಯೇಕ ಉದ್ದ ಹಿಡಿಯಬೇಕಾಗಿಲ್ಲ.

ನ್ಯೂಟ್ರಲ್ಲನ್ನು ಒಂದು ದೀಪದಿಂದ ಇನ್ನೊಂದಕ್ಕೆ ಎಳೆದು ವೈರು ಉಳಿಸುವವರಿದ್ದಾರೆ. ಜೋಡಣೆ ದೀಪದ ಪೆಟ್ಟಿಗೆಯಲ್ಲಿಯೇ ಆಗುವುದಾದರೆ ಅದು ತಪ್ಪಲ್ಲ. ಆದರೂ ಪ್ರತಿ ಪಾಯಿಂಟಿಗೆ ಬೋರ್ಡಿನಿಂದಲೇ ತರುವುದು ನನ್ನ ಪದ್ಧತಿ. ಮುಂದೆ ಒಂದು ದೀಪದ ಬಳಿ ನ್ಯೂಟ್ರಲ್ ಜೋಡಣೆ ಸಡಿಲವಾದರೆ ಅದರಾಚೆಯ ದೀಪವೂ ಆರುವ ತೊಂದರೆ ಇರುವುದಿಲ್ಲ. ಪೈಪಿನೊಳಗೆ ವೈರನ್ನು ಹೆಣೆದು ಟೇಪು ಸುತ್ತುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಇನ್ನು ಡಿಬಿಯಿಂದ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಿಂದ, ಎರಡು ಬೋರ್ಡುಗಳಿಗೂ ಪವರ್ ಪಾಯಿಂಟಿಗೂ ಹೋಗುವ ದಾರಿ. ಅಂದಾಜಿನಲ್ಲಿ ಅತಿ ಹೆಚ್ಚು ಮರೆಯುವುದು ಇದನ್ನೇ. ಡಿಬಿ ಮುಂದಿನ ಕೋಣೆಯಲ್ಲಿದ್ದರೆ ಅಲ್ಲಿಯ ಬೋರ್ಡಿಗೆ 4, ಒಳಕೋಣೆಯ ಬೋರ್ಡಿಗೆ 9, ಪವರ್ ಪಾಯಿಂಟಿಗೆ 11, ಒಟ್ಟು 24 ಮೀಟರ್. ವ್ಯರ್ಥ ಸೇರಿ 27. ದೀಪ ಮತ್ತು ಫ್ಯಾನಿಗೆ 1.5 ಚದರ ಮಿಲಿಮೀಟರಿನ ವೈರು, ಡಿಬಿಯಿಂದ ಹೊರಡುವ ಈ ದಾರಿಗಳಿಗೆ 2.5ರದ್ದು ಹಾಕಿ. ಪವರ್ ಪಾಯಿಂಟಿಗೆ ಗೀಸರ್ ಅಥವಾ ಏಸಿ ಬರುವುದಾದರೆ ಅದೊಂದಕ್ಕೆ 4ರ ವೈರು ಬೇಕು.

ಈಗ ಕೊಳ್ಳುವ ಲೆಕ್ಕ. 1.5ರ ವೈರು 40ರಂತೆ ಮೂರು, ಅಂದರೆ 120 ಮೀಟರ್. 90 ಮೀಟರಿನ ಕಾಯಿಲ್ ಎರಡು ತಂದರೆ ಸಾಕಲ್ಲವೇ ಎನ್ನಿಸುತ್ತದೆ. ಸಾಲದು, ಏಕೆಂದರೆ ಫೇಸ್, ನ್ಯೂಟ್ರಲ್, ಅರ್ಥ್ ಮೂರಕ್ಕೂ ಬೇರೆಬೇರೆ ಬಣ್ಣ ಬೇಕು. ಎರಡೇ ಕಾಯಿಲ್ ತಂದವರ ಮನೆಯಲ್ಲಿ ಅರ್ಥ್ ವೈರು ಕೆಲವು ಪಾಯಿಂಟುಗಳಿಗೆ ಬಂದೇ ಇರುವುದಿಲ್ಲ, ಇಲ್ಲವೇ ಫೇಸಿನ ಬಣ್ಣದಲ್ಲೇ ನ್ಯೂಟ್ರಲ್ ಓಡಿರುತ್ತದೆ. ಹತ್ತು ವರ್ಷಗಳ ನಂತರ ರಿಪೇರಿಗೆ ಬಂದವನು ಬಣ್ಣ ನಂಬಿ ಕೈಯಿಡುತ್ತಾನೆ. ಇಷ್ಟು ಚಿಕ್ಕ ಮನೆಗೆ ಮೂರು ಬಣ್ಣದಲ್ಲಿ 40 ಮೀಟರಿನಂತೆ ಬಿಡಿಯಾಗಿ ಅಳೆಸಿಕೊಳ್ಳುವುದು ಒಳ್ಳೆಯದು. ಮೀಟರಿಗೆ ತುಸು ಹೆಚ್ಚು ಬಿದ್ದರೂ ಅರ್ಧ ಕಾಯಿಲ್ ಮೂಲೆಯಲ್ಲಿ ಉಳಿಯುವುದಿಲ್ಲ. ಪೂರ್ತಿ ಕಾಯಿಲ್ ಕೊಳ್ಳುವುದಾದರೆ ತಕ್ಕಡಿಗೆ ಹಾಕಿಸಿ: 90 ಮೀಟರ್ ಉದ್ದದ 1.5ರ ವೈರಿನಲ್ಲಿ ತಾಮ್ರವೊಂದೇ ಸುಮಾರು 1.2 ಕಿಲೋ ತೂಗಬೇಕು, ಅದರ ಮೇಲೆ ಹೊದಿಕೆಯ ತೂಕ. ಹೊದಿಕೆ ಸಮೇತ ಅಷ್ಟೇ ತೂಗುವ ಕಾಯಿಲಿನಲ್ಲಿ ಉದ್ದವೋ ತಾಮ್ರವೋ ಕಡಿಮೆಯಿದೆ.

ಬೇರೆ ಯಾರಾದರೂ ಕೊಟ್ಟ ಅಂದಾಜನ್ನು ಪರೀಕ್ಷಿಸುವುದೂ ಸುಲಭ. ನಮ್ಮ ಉದಾಹರಣೆಯಲ್ಲಿ ದೀಪ ಮತ್ತು ಫ್ಯಾನು ಸೇರಿ ಏಳು ಪಾಯಿಂಟಿಗೆ 120 ಮೀಟರ್, ಅಂದರೆ ಪಾಯಿಂಟಿಗೆ 17 ಮೀಟರ್ ಬಂದಿದೆ. ಇದೇ ಅಳತೆಯ ಕೋಣೆಗಳಿಗೆ ಪಾಯಿಂಟಿಗೆ 6 ಅಥವಾ 7 ಮೀಟರ್ ಎಂದು ಬರೆದಿದ್ದರೆ ಆ ಲೆಕ್ಕ ಮಾಡಿದವರು ಗೋಡೆಯ ಎತ್ತರವನ್ನೋ ವೈರಿನ ಸಂಖ್ಯೆಯನ್ನೋ ಬಿಟ್ಟಿದ್ದಾರೆ.

ಮೂರನೆಯ ಹಂತ: ಪೈಪು. ಬೋರ್ಡಿನಿಂದ ಮೇಲೇರುವಲ್ಲಿ ಹಲವು ಪಾಯಿಂಟಿನ ವೈರುಗಳು ಒಟ್ಟಿಗೆ ಹೋಗುವುದರಿಂದ ಪೈಪಿನ ಉದ್ದ ವೈರಿನ ದಾರಿಗಿಂತ ಕಡಿಮೆ ಬರುತ್ತದೆ. ಆದರೆ ಆ ಏರಿಕೆಯಲ್ಲಿ ಎಲ್ಲವನ್ನೂ ಒಂದೇ ಪೈಪಿಗೆ ತುರುಕದೆ 25 ಮಿಲಿಮೀಟರಿನ ಎರಡು ಪೈಪು ಹಾಕಿಸಿ.

ನಾಲ್ಕನೆಯ ಹಂತ: ಸ್ವಿಚ್ಚುಗಳು. ದೀಪಕ್ಕೆ ಐದು, ಫ್ಯಾನಿಗೆ ಎರಡು, ಸಾಕೆಟಿಗೆ ಎರಡು, ಒಟ್ಟು ಒಂಬತ್ತು 6 ಆಂಪಿಯರ್ ಸ್ವಿಚ್. ಪವರ್ ಪಾಯಿಂಟಿಗೆ 16 ಆಂಪಿಯರಿನದ್ದೊಂದು. ಎರಡು ರೆಗ್ಯುಲೇಟರುಗಳನ್ನು ಮರೆಯಬೇಡಿ. ಮಾಡ್ಯುಲರ್ ಪ್ಲೇಟಿನ ಅಳತೆ ತಪ್ಪುವುದು ಈ ರೆಗ್ಯುಲೇಟರಿನಿಂದಲೇ. ಮುಂದಿನ ಕೋಣೆಯ ಬೋರ್ಡಿನಲ್ಲಿ ಐದು ಸ್ವಿಚ್ಚಿಗೆ ಐದು ಮಾಡ್ಯೂಲ್, ಸಾಕೆಟಿಗೆ ಎರಡು, ಎರಡು ಮಾಡ್ಯೂಲಿನ ರೆಗ್ಯುಲೇಟರಾದರೆ ಒಟ್ಟು ಒಂಬತ್ತು. ಅದು 8ರ ಪ್ಲೇಟಿಗೆ ಹಿಡಿಸುವುದಿಲ್ಲ, 12ರದ್ದು ತಂದರೆ ಮೂರು ಕಡೆ ಖಾಲಿ ಮುಚ್ಚಳ ಹಾಕಬೇಕು. ಒಂದೇ ಮಾಡ್ಯೂಲಿನ ರೆಗ್ಯುಲೇಟರ್ ಆರಿಸಿದರೆ 8ರ ಪ್ಲೇಟು ಸರಿಹೊಂದುತ್ತದೆ. ಗೋಡೆ ಕೊರೆದು ಪೆಟ್ಟಿಗೆ ಕೂರಿಸುವ ಮೊದಲೇ ಇದನ್ನು ನಿರ್ಧರಿಸಿರಬೇಕು.

ಕೊನೆಯದು ಕೂಲಿ. ಪಾಯಿಂಟಿಗೆ ಇಷ್ಟು ಎಂದು ಮಾತನಾಡುವಾಗ ಯಾವುದು ಪಾಯಿಂಟ್ ಎಂಬುದನ್ನು ಮೊದಲು ಬರೆದುಕೊಳ್ಳಿ, ಏಕೆಂದರೆ ಜಗಳ ದರದ ಮೇಲೆ ಆಗುವುದಕ್ಕಿಂತ ಎಣಿಕೆಯ ಮೇಲೆ ಆಗುವುದೇ ಹೆಚ್ಚು. ನಾನು ದೀಪ ಮತ್ತು ಫ್ಯಾನನ್ನು ಸ್ವಿಚ್ ಸಮೇತ ಒಂದೊಂದು ಪಾಯಿಂಟ್ ಎಂದೂ, ಬೋರ್ಡಿನೊಳಗಿನ ಸಾಕೆಟನ್ನು ಅರ್ಧ ಎಂದೂ, ಡಿಬಿಯಿಂದ ಸ್ವಂತ ವೈರು ಎಳೆಯಬೇಕಾದ ಪವರ್ ಪಾಯಿಂಟನ್ನು ಎರಡು ಎಂದೂ ಎಣಿಸುತ್ತೇನೆ. ಆಗ ಏಳು, ಒಂದು, ಎರಡು ಸೇರಿ ಹತ್ತು ಪಾಯಿಂಟ್ ಆಗುತ್ತದೆ. ಒಪ್ಪಿದ ದರದಿಂದ ಗುಣಿಸಿದರೆ ಕೂಲಿ ಬಂತು. ಪ್ರತಿ ಸಾಕೆಟನ್ನೂ ಪೂರ್ತಿ ಪಾಯಿಂಟೆಂದು ಹಿಡಿಯುವವನ ಎಣಿಕೆ ಇದೇ ಮನೆಗೆ ಹನ್ನೊಂದಾಗುತ್ತದೆ, ಆದ್ದರಿಂದ ಎರಡು ಅಂದಾಜುಗಳನ್ನು ಹೋಲಿಸುವಾಗ ಬರೀ ದರ ನೋಡಬೇಡಿ. ಡಿಬಿ ಕೂರಿಸುವುದು, ಅಲ್ಲಿಂದ ಬೋರ್ಡುಗಳಿಗೆ ವೈರು ಎಳೆಯುವುದು, ಗೋಡೆ ಕೊರೆಯುವುದು, ಕೊರೆದದ್ದನ್ನು ಸಿಮೆಂಟಿನಿಂದ ಮುಚ್ಚುವುದು, ಫ್ಯಾನು ತೂಗುಹಾಕುವುದು ಈ ಪಾಯಿಂಟ್ ಕೂಲಿಯಲ್ಲಿ ಸೇರಿವೆಯೇ, ಬೇರೆಯೇ ಎಂಬುದನ್ನು ಒಂದೊಂದನ್ನೂ ಹೆಸರಿಸಿ ಅಂದಾಜಿನ ಹಾಳೆಯಲ್ಲಿಯೇ ಬರೆಸಿಕೊಳ್ಳಿ.