ಎಂ10 ಟ್ಯಾಪ್‌ಗೆ ಎಂಟೂವರೆ ಡ್ರಿಲ್

ಕಲಬುರಗಿಯ ಕಪನೂರ ಕಡೆಯ ದಾಲ್ ಮಿಲ್‌ಗಳಿಂದ ನಮ್ಮ ವರ್ಕ್‌ಶಾಪಿಗೆ ಬರುವ ಕೆಲಸದಲ್ಲಿ ಬೇರಿಂಗ್ ಪ್ಲೇಟುಗಳೇ ಜಾಸ್ತಿ. ಹಿಂದುಗಡೆ ನಟ್ ಹಾಕಲು ಕೈ ಹೋಗುವುದಿಲ್ಲ. ಹಾಗಾಗಿ ಪ್ಲೇಟಿಗೇ ಥ್ರೆಡ್ ಹೊಡೆದು ಕೊಡಬೇಕು. 16 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟ್, ಎಂ10 ಬೋಲ್ಟ್. ಇದಕ್ಕೆ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲು, ತೂತಿನೊಳಗೆ ಥ್ರೆಡ್ ಕತ್ತರಿಸುವ ಟ್ಯಾಪಿನ ಮೇಲೆ ಕೊರೆದಿರುವ ಅಳತೆ ಓದುತ್ತೇನೆ. ಎಂ10×1.5 ಅಂದರೆ ಬೋಲ್ಟಿನ ದಪ್ಪ 10 ಮಿ.ಮೀ., ಒಂದು ಹಲ್ಲಿನಿಂದ ಇನ್ನೊಂದಕ್ಕೆ ದೂರ, ಅಂದರೆ ಪಿಚ್, 1.5 ಮಿ.ಮೀ. ಹತ್ತರಲ್ಲಿ ಒಂದೂವರೆ ಕಳೆದರೆ ಎಂಟೂವರೆ. ಅದೇ ಡ್ರಿಲ್ ಸೈಜ್. ಎಂ10ರಲ್ಲೇ ಸಣ್ಣ ಥ್ರೆಡ್ಡಿನ 1.25 ಪಿಚ್ ಕೂಡ ಸಿಗುತ್ತದೆ. ಅದಕ್ಕೆ 8.8 ಬೇಕು. ಅದಕ್ಕೇ ಬರೀ ಎಂ10 ಅಂತ ನೋಡಿ ಬಿಟ್ ಎತ್ತಿಕೊಳ್ಳಬಾರದು.

ಎಂಟೂವರೆಯಲ್ಲಿ ಹಲ್ಲಿನ ಎತ್ತರ ಪೂರ್ತಿಯ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಅಷ್ಟು ಸಾಕು. ಥ್ರೆಡ್ ಗಟ್ಟಿ ಬರಲಿ ಅಂತ ಕೆಲವರು 8ಕ್ಕೇ ಕೊರೆಯುತ್ತಾರೆ. ಅದರಿಂದ ಬಲ ಹೆಚ್ಚುವುದು ತೀರಾ ಕಡಿಮೆ, ಟ್ಯಾಪಿನ ಮೇಲೆ ಬೀಳುವ ಭಾರ ಮಾತ್ರ ವಿಪರೀತ. ಟ್ಯಾಪ್ ತೂತಿನೊಳಗೇ ಮುರಿಯುವುದು ಹೀಗೆಯೇ. ಸ್ಟೇನ್‌ಲೆಸ್ ಪ್ಲೇಟ್ ಬಂದರೆ ನಾನು 8.6 ಹಾಕುತ್ತೇನೆ, ಅದು ಟ್ಯಾಪನ್ನು ಬಿಗಿ ಹಿಡಿಯುವ ಲೋಹ.

ಬಿಟ್ ಮೇಲೆ 8.5 ಅಂತ ಇದ್ದ ಮಾತ್ರಕ್ಕೆ ತೂತು 8.5 ಆಗುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಿಟ್‌ನ ತುದಿಯಲ್ಲಿ ಲೋಹ ಕತ್ತರಿಸುವ ಎರಡು ತುಟಿಗಳನ್ನು ಸಮನಾಗಿ ಸಾಣೆ ಹಿಡಿಯದಿದ್ದರೆ ತೂತು ದೊಡ್ಡದಾಗುತ್ತದೆ, ಥ್ರೆಡ್ ಸಡಿಲ ಬರುತ್ತದೆ. ಕೊರೆಯುವಾಗ ನೋಡಿ: ಎರಡೂ ಕಡೆಯಿಂದ ಒಂದೇ ದಪ್ಪದ ಸುರುಳಿ ಬರಬೇಕು. ಒಂದೇ ಕಡೆಯಿಂದ ಬಂದರೆ ಬಿಟ್ ಸರಿಯಿಲ್ಲ. ಸಂಶಯ ಬಂದರೆ ರದ್ದಿ ತುಂಡಿನಲ್ಲಿ ಕೊರೆದು ವರ್ನಿಯರ್‌ನಲ್ಲಿ ಅಳೆಯುತ್ತೇನೆ. 8.7 ಬಂದರೆ ಆ ಬಿಟ್ಟನ್ನು ಮತ್ತೆ ಸಾಣೆ ಹಿಡಿಯದೆ ಬಳಸುವುದಿಲ್ಲ.

ಸೆಂಟರ್ ಪಂಚ್ ಹೊಡೆದು, 4ರ ಬಿಟ್ಟಿನಲ್ಲಿ ದಾರಿ ಮಾಡಿ, ಆಮೇಲೆ 8.5. ತೂತಿನ ಬಾಯನ್ನು ದೊಡ್ಡ ಬಿಟ್ಟಿನಿಂದ ಸ್ವಲ್ಪ ಇಳಿಜಾರು ಮಾಡಿದರೆ ಟ್ಯಾಪ್ ನೇರ ಕೂರುತ್ತದೆ. ಮೂರು ಟ್ಯಾಪಿನ ಸೆಟ್ಟಿನಲ್ಲಿ ಮೊದಲು ಮೊನೆಯತ್ತ ಕಿರಿದಾದ ಟೇಪರ್ ಟ್ಯಾಪ್. ಒಂದೆರಡು ಸುತ್ತು ಆದ ಮೇಲೆ ರೈಟ್ ಆ್ಯಂಗಲ್ ಅನ್ನು ಎರಡು ಕಡೆ ಹಚ್ಚಿ ನೋಡುತ್ತೇನೆ. ವಾಲಿದ್ದರೆ ಆಗಲೇ ತಿದ್ದಬೇಕು, ಆಳಕ್ಕೆ ಹೋದ ಮೇಲೆ ತಿದ್ದಲು ಹೋದರೆ ಟ್ಯಾಪ್ ಮುರಿಯುತ್ತದೆ.

ಕಟಿಂಗ್ ಆಯಿಲ್ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಲೋಹದ ಚೂರು ತುಂಡಾಗುವುದು ಕೈಗೆ ಗೊತ್ತಾಗುತ್ತದೆ. ಹ್ಯಾಂಡಲ್ ತಿರುಗಿಸಿದರೂ ಟ್ಯಾಪ್ ಮುಂದೆ ಹೋಗದೆ, ಕೈ ಸಡಿಲ ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ವಾಪಸ್ ಬಂದರೆ, ಅಲ್ಲಿಗೆ ನಿಲ್ಲಿಸಿ. ಟ್ಯಾಪ್ ತಿರುಚಿಕೊಳ್ಳುತ್ತಿದೆ ಅಂತ ಅರ್ಥ. ಪೂರ್ತಿ ಹೊರಗೆ ತೆಗೆದು, ಚೂರು ಒರೆಸಿ, ಎಣ್ಣೆ ಹಾಕಿ ಮತ್ತೆ ಶುರು ಮಾಡಬೇಕು.

ಪ್ಲೇಟಿನ ತೂತು ಆರುಪಾರು ಇರುವುದರಿಂದ ಚೂರು ಕೆಳಗೆ ಬೀಳುತ್ತದೆ, ಟೇಪರ್ ಟ್ಯಾಪನ್ನೇ ಆಚೆ ತನಕ ಇಳಿಸಿ ಆಮೇಲೆ ಎರಡನೆಯದನ್ನು ಹಾಯಿಸಿದರೆ ಕೆಲಸ ಮುಗಿಯಿತು. ತಳ ಮುಚ್ಚಿದ ತೂತಾದರೆ ಥ್ರೆಡ್ ಬೇಕಾದ ಆಳಕ್ಕಿಂತ ಐದಾರು ಮಿ.ಮೀ. ಹೆಚ್ಚು ಕೊರೆದು, ಕೊನೆಗೆ ಮೂರನೇ ಟ್ಯಾಪ್ ಹಾಕಬೇಕು.